60,000 ರೂಪಾಯಿ ಲಾಭದಲ್ಲಿ ಕೈಗೆ ಉಳಿದದ್ದೆಷ್ಟು?

ಕಳೆದ ಬಾರಿ ದಾವಣಗೆರೆಗೆ ಹೋಗಿದ್ದಾಗ ಅಕ್ಕನ ಮಗ ಊಟ ಮುಗಿಸಿ ಪಕ್ಕಕ್ಕೆ ಬಂದು ಕೂತ. ಮೊಬೈಲ್ ಮುಂದೆ ಹಿಡಿದು, "ಮಾವ, ಇಲ್ಲಿ ನೋಡಿ. ಐದು ಲಕ್ಷ ಹಾಕಿದ್ದೆ, ಒಂದು ವರ್ಷಕ್ಕೆ ಅರವತ್ತು ಸಾವಿರ ಬಂದಿದೆ. ಹನ್ನೆರಡು ಪರ್ಸೆಂಟ್!" ಅಂದ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 60,000 ಎಂದೇ ಇತ್ತು. ಸುಳ್ಳೇನೂ ಅಲ್ಲ. ಅವನು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇದ್ದ ವ್ಯತ್ಯಾಸವನ್ನೆಲ್ಲ ಕೂಡಿದರೆ ಅಷ್ಟೇ ಬರುತ್ತಿತ್ತು.

"ಬ್ಯಾಂಕ್ ಖಾತೆಗೆ ಎಷ್ಟು ಬಂತು?" ಎಂದು ಕೇಳಿದೆ. ಅದನ್ನು ಅವನು ನೋಡಿರಲಿಲ್ಲ. ಆ ಸಂಜೆ ಇಬ್ಬರೂ ಕೂತು ಪ್ರತಿ ವ್ಯವಹಾರದ ಬೆಲೆ, ಶುಲ್ಕ ತೋರಿಸಿ ಬ್ರೋಕರ್ ಕಳಿಸಿದ್ದ ಕಾಂಟ್ರಾಕ್ಟ್ ನೋಟುಗಳನ್ನು ಒಂದೊಂದಾಗಿ ತೆರೆದು ಲೆಕ್ಕ ಹಾಕಿದೆವು. ಇಲ್ಲಿ ಬರೆಯುತ್ತಿರುವುದು ಅದೇ ಲೆಕ್ಕ. ಓದಲು ಸುಲಭವಾಗಲಿ ಎಂದು ಅಂಕಿಗಳನ್ನು ಮಾತ್ರ ಸ್ವಲ್ಪ ದುಂಡಗೆ ಮಾಡಿಕೊಂಡಿದ್ದೇನೆ.

ಅವನ ರೀತಿ ಹೀಗೆ: ಐದು ಲಕ್ಷವನ್ನೂ ಒಂದೇ ಷೇರಿಗೆ ಹಾಕುವುದು, ಮೂರು ನಾಲ್ಕು ವಾರ ಇಟ್ಟುಕೊಂಡು ಮಾರುವುದು, ಬಂದ ಹಣದಲ್ಲಿ ಐದು ಲಕ್ಷಕ್ಕೆ ಮತ್ತೊಂದು ಷೇರು ಕೊಳ್ಳುವುದು. ವರ್ಷಕ್ಕೆ ಹನ್ನೆರಡು ಸುತ್ತು. ಎಂಟರಲ್ಲಿ ಲಾಭ, ನಾಲ್ಕರಲ್ಲಿ ನಷ್ಟ, ಒಟ್ಟಾರೆ 60,000 ಲಾಭ. ಬೆಳಿಗ್ಗೆ ಕೊಂಡು ಸಂಜೆ ಮಾರುವ ಇಂಟ್ರಾಡೇ ಅಲ್ಲ, ಷೇರು ಡಿಮ್ಯಾಟ್ ಖಾತೆಗೆ ಬಂದು ಹೋಗುವ ಡೆಲಿವರಿ ವ್ಯವಹಾರ.

ಅವನ ಕಿಸೆಯಲ್ಲಿದ್ದದ್ದು 5 ಲಕ್ಷ. ಆದರೆ ವರ್ಷವಿಡೀ ಅವನು ಕೊಂಡದ್ದು 60 ಲಕ್ಷದ ಷೇರು, ಮಾರಿದ್ದು 60 ಲಕ್ಷ 60 ಸಾವಿರದ ಷೇರು. ಎರಡನ್ನೂ ಕೂಡಿದರೆ 1 ಕೋಟಿ 20 ಲಕ್ಷ ದಾಟುತ್ತದೆ. ಶುಲ್ಕಗಳಲ್ಲಿ ಬಹುಪಾಲು ಬೀಳುವುದು ಈ ವಹಿವಾಟಿನ ಮೇಲೆ. ನಿಮ್ಮ ಬಂಡವಾಳ ಎಷ್ಟು, ಲಾಭ ಬಂತೋ ನಷ್ಟವಾಯಿತೋ ಎಂಬುದು ಅವಕ್ಕೆ ಬೇಕಿಲ್ಲ. ನಷ್ಟವಾದ ಆ ನಾಲ್ಕು ಸುತ್ತುಗಳಲ್ಲೂ ಅವನು ಲಾಭದ ಸುತ್ತುಗಳಲ್ಲಿ ಕೊಟ್ಟಷ್ಟೇ ಶುಲ್ಕ ಕಟ್ಟಿದ್ದ.

ಅವುಗಳಲ್ಲಿ ದೊಡ್ಡದು ಎಸ್‌ಟಿಟಿ, ಅಂದರೆ ಷೇರು ವಹಿವಾಟು ತೆರಿಗೆ. ಡೆಲಿವರಿ ವ್ಯವಹಾರದಲ್ಲಿ ಕೊಳ್ಳುವಾಗ ಶೇ 0.1, ಮಾರುವಾಗ ಇನ್ನೊಂದು ಶೇ 0.1. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಸಾವಿರಕ್ಕೆ ಒಂದು ರೂಪಾಯಿ. ಆದರೆ 1 ಕೋಟಿ 20 ಲಕ್ಷದ ಮೇಲೆ ಅದು 12,060 ರೂಪಾಯಿ ಆಯಿತು. ಈ ತೆರಿಗೆ ಬಂದದ್ದು 2004ರ ಅಕ್ಟೋಬರ್‌ನಲ್ಲಿ. ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರಿನ ಲಾಭದ, ಅಂದರೆ ದೀರ್ಘಾವಧಿ ಲಾಭದ ಮೇಲಿನ ತೆರಿಗೆಯನ್ನು ತೆಗೆದು, ಅಲ್ಪಾವಧಿ ಲಾಭದ ದರವನ್ನು ಶೇ 10ಕ್ಕೆ ಇಳಿಸಿ, ಅದರ ಜೊತೆಗೇ ಇದನ್ನು ತಂದರು. 2008ರಲ್ಲಿ ಅಲ್ಪಾವಧಿ ದರ ಶೇ 15 ಆಯಿತು, 2018ರಲ್ಲಿ ದೀರ್ಘಾವಧಿ ತೆರಿಗೆ ಮರಳಿ ಬಂತು, 2024ರ ಜುಲೈ 23ರಿಂದ ಅಲ್ಪಾವಧಿ ದರ ಶೇ 20ಕ್ಕೆ ಏರಿತು. ಎಸ್‌ಟಿಟಿ ಮಾತ್ರ ಉಳಿದುಕೊಂಡಿತು. ಒಂದರ ಬದಲಿಗೆ ಬಂದದ್ದು ಈಗ ಎರಡೂ ಆಗಿ ನಿಂತಿದೆ. ಇದು ಸಣ್ಣ ಹೂಡಿಕೆದಾರನಿಗೆ ಆದ ಅನ್ಯಾಯ ಎಂಬುದು ನನ್ನ ಅಭಿಪ್ರಾಯ.

ಉಳಿದವನ್ನು ಬೇಗ ನೋಡಿಬಿಡೋಣ. ಕೊಳ್ಳುವಾಗ ಮಾತ್ರ ಬೀಳುವ ಸ್ಟ್ಯಾಂಪ್ ಡ್ಯೂಟಿ ಶೇ 0.015, ವರ್ಷಕ್ಕೆ 900 ರೂಪಾಯಿ. ಷೇರು ವಿನಿಮಯ ಕೇಂದ್ರದ ವಹಿವಾಟು ಶುಲ್ಕ ಲಕ್ಷಕ್ಕೆ ಸುಮಾರು 3 ರೂಪಾಯಿ, ಹಾಗಾಗಿ 362. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಶುಲ್ಕ ಕೋಟಿಗೆ 10 ರೂಪಾಯಿ, ಅದು 12. ಅವನ ಬ್ರೋಕರ್ ಪ್ರತಿ ಆರ್ಡರ್‌ಗೆ 20 ರೂಪಾಯಿ ಹಿಡಿಯುತ್ತಾನೆ. 24 ಆರ್ಡರ್‌ಗೆ 480. ಬ್ರೋಕರೇಜ್, ವಹಿವಾಟು ಶುಲ್ಕ, ಸೆಬಿ ಶುಲ್ಕ ಈ ಮೂರರ ಮೇಲೆ ಶೇ 18 ಜಿಎಸ್‌ಟಿ, ಅದು 154. ಕೊನೆಯದು ಡಿಪಿ ಚಾರ್ಜ್. ಷೇರು ಮಾರಿದಾಗ ಡಿಮ್ಯಾಟ್ ಖಾತೆಯಿಂದ ಹೊರಗೆ ಕಳಿಸುವುದಕ್ಕೆ ಕೊಡುವ ಹಣ ಅದು. ಅವನಿಗೆ ಜಿಎಸ್‌ಟಿ ಸೇರಿ ಪ್ರತಿ ಬಾರಿ 17 ರೂಪಾಯಿ 70 ಪೈಸೆ, ಹನ್ನೆರಡು ಬಾರಿಗೆ 212.

ಎಲ್ಲ ಸೇರಿ 14,180 ರೂಪಾಯಿ. ಅರವತ್ತು ಸಾವಿರದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಇಲ್ಲೇ ಹೋಯಿತು. ಅದರಲ್ಲಿ ಬ್ರೋಕರೇಜ್ ಎಂಬುದು ಬರೀ 480. "ಝೀರೋ ಬ್ರೋಕರೇಜ್ ಆ್ಯಪ್‌ಗೆ ಹೋದ್ರೆ ಎಲ್ಲಾ ಉಳಿಯುತ್ತೆ ಅಂತ ಫ್ರೆಂಡ್ಸ್ ಹೇಳ್ತಾರೆ ಮಾವ" ಅಂದ. ಹೋದರೆ ಅವನಿಗೆ ಉಳಿಯುವುದು ಆ 480 ಮತ್ತು ಅದರ ಮೇಲಿನ ಜಿಎಸ್‌ಟಿ, ಸೇರಿ 566 ರೂಪಾಯಿ. ಉಳಿದ ಹದಿಮೂರು ಸಾವಿರದ ಆರುನೂರು ಹಾಗೇ ಇರುತ್ತದೆ.

ಹಾಗೆಂದು ಬ್ರೋಕರೇಜ್ ಎಲ್ಲರಿಗೂ ಚಿಲ್ಲರೆ ವಿಷಯವಲ್ಲ. ಹಳೆಯ ಪದ್ಧತಿಯಲ್ಲಿ ವಹಿವಾಟಿನ ಶೇಕಡಾ ಲೆಕ್ಕದಲ್ಲಿ ಬ್ರೋಕರೇಜ್ ಕೊಡುವವರು ಈಗಲೂ ಬಹಳ ಮಂದಿ ಇದ್ದಾರೆ, ಮುಖ್ಯವಾಗಿ ಹಿರಿಯರು. ದರ ಶೇ 0.5 ಎಂದಿಟ್ಟುಕೊಳ್ಳಿ. ಐದು ಲಕ್ಷದ ಷೇರು ಕೊಂಡಾಗ 2,500, ಜಿಎಸ್‌ಟಿ ಸೇರಿ 2,950. ಮಾರುವಾಗ ಇನ್ನೂ ಸ್ವಲ್ಪ ಜಾಸ್ತಿ. ಒಂದು ಸುತ್ತಿಗೆ ಸುಮಾರು 5,930 ರೂಪಾಯಿ ಬರೀ ಬ್ರೋಕರೇಜಿಗೆ ಹೋಗುತ್ತದೆ. ನನ್ನ ಅಳಿಯನ ಒಂದು ಸುತ್ತಿನ ಸರಾಸರಿ ಲಾಭ 5,000. ಅಂದರೆ ಅದೇ ಷೇರುಗಳನ್ನು ಅದೇ ಬೆಲೆಗೆ ಕೊಂಡು ಮಾರಿದ್ದರೂ ಆ ದರದಲ್ಲಿ ಅವನಿಗೆ ವರ್ಷದ ಕೊನೆಗೆ ನಷ್ಟವೇ ಆಗುತ್ತಿತ್ತು. ವರ್ಷಗಟ್ಟಲೆ ಇಟ್ಟುಕೊಳ್ಳುವವರಿಗೆ ಶೇ 0.5 ತಡೆದುಕೊಳ್ಳಬಹುದಾದ ಭಾರ, ತಿಂಗಳಿಗೊಮ್ಮೆ ಮಾರುವವರಿಗೆ ಅಲ್ಲ.

ಇನ್ನೊಂದು ತುದಿಯಲ್ಲಿ ಸಣ್ಣ ಮೊತ್ತದವರು. ಐದು ಸಾವಿರ ರೂಪಾಯಿಗೆ ಷೇರು ಕೊಂಡು ಮಾರಿದರೆ ಎಸ್‌ಟಿಟಿ ಬರೀ 10 ರೂಪಾಯಿ. ಆದರೆ ಎರಡು ಆರ್ಡರ್‌ಗೆ 40, ಅದರ ಜಿಎಸ್‌ಟಿ 7, ಡಿಪಿ ಚಾರ್ಜ್ ಸುಮಾರು 18. ಉಳಿದ ಚಿಲ್ಲರೆಯೂ ಸೇರಿದರೆ 76 ರೂಪಾಯಿ, ಅಂದರೆ ಶೇ 1.5. ಷೇರು ಅಷ್ಟು ಏರಿದರೆ ಮಾತ್ರ ಹಾಕಿದ ದುಡ್ಡು ವಾಪಸ್ಸು. ಡಿಪಿ ಚಾರ್ಜ್ ಸಾಮಾನ್ಯವಾಗಿ ಒಂದು ಕಂಪನಿಯ ಷೇರಿಗೆ ಒಂದು ದಿನಕ್ಕೆ ಇಷ್ಟು ಎಂದಿರುತ್ತದೆ. ಹತ್ತು ಷೇರು ಮಾರಿದರೂ ಸಾವಿರ ಮಾರಿದರೂ ಅಷ್ಟೇ. ಹಾಗಾಗಿ ಇದ್ದ ಇಪ್ಪತ್ತು ಷೇರನ್ನು ಇವತ್ತು ಹತ್ತು, ನಾಳೆ ಹತ್ತು ಎಂದು ಮಾರಿದರೆ ಎರಡು ಸಲ ಕಟ್ಟಬೇಕು. ಈ ಹಣ ಕಾಂಟ್ರಾಕ್ಟ್ ನೋಟಿನಲ್ಲಿ ಕಾಣುವುದಿಲ್ಲ, ಬ್ರೋಕರ್ ಕೊಡುವ ಲೆಡ್ಜರ್‌ನಲ್ಲಿ ಪ್ರತ್ಯೇಕವಾಗಿ ಕಳೆದಿರುತ್ತಾರೆ. ಅದಕ್ಕೇ ಬಹಳ ಜನರ ಗಮನಕ್ಕೆ ಬರುವುದಿಲ್ಲ.

ಈಗ ಆದಾಯ ತೆರಿಗೆಗೆ ಬರೋಣ. ಷೇರು ವಿನಿಮಯ ಕೇಂದ್ರದಲ್ಲಿ ಎಸ್‌ಟಿಟಿ ಕಟ್ಟಿ ಮಾರಿದ ಷೇರನ್ನು 12 ತಿಂಗಳೋ ಅದಕ್ಕಿಂತ ಕಡಿಮೆಯೋ ಇಟ್ಟುಕೊಂಡಿದ್ದರೆ ಬರುವ ಲಾಭ ಅಲ್ಪಾವಧಿ ಬಂಡವಾಳ ಲಾಭ. ದರ ಶೇ 20, ಅದರ ಮೇಲೆ ಶೇ 4 ಸೆಸ್, ಸೇರಿ ಶೇ 20.8. ಇದು ಸಂಬಳಕ್ಕೆ ಅನ್ವಯಿಸುವ ಸ್ಲ್ಯಾಬ್‌ಗಿಂತ ಬೇರೆಯಾದ ದರ.

"ಆದ್ರೆ ಮಾವ, ನನ್ನ ಸಂಬಳ ಒಂಬತ್ತು ಲಕ್ಷ. ಹನ್ನೆರಡು ಲಕ್ಷದವರೆಗೆ ತೆರಿಗೆನೇ ಇಲ್ವಲ್ಲ?"

ಈ ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. 2025ರ ಬಜೆಟ್ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದಂತೆ ರಿಯಾಯಿತಿ ಕೊಟ್ಟದ್ದು ನಿಜ. ಆದರೆ ಅದು ಸ್ಲ್ಯಾಬ್ ಪ್ರಕಾರ ಲೆಕ್ಕ ಹಾಕುವ ತೆರಿಗೆಗೆ ಸಿಗುವ ರಿಯಾಯಿತಿ. ಬಂಡವಾಳ ಲಾಭದಂತಹ ವಿಶೇಷ ದರದ ಆದಾಯಕ್ಕೆ ಸಿಗುವುದಿಲ್ಲ. ಅವನ ಸಂಬಳಕ್ಕೆ ತೆರಿಗೆ ಸೊನ್ನೆ, ಷೇರಿನ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ 20.8. ಬೇರೆ ಆದಾಯವೇ ಇಲ್ಲದ ಗೃಹಿಣಿಯೋ ನಿವೃತ್ತರೋ ಆಗಿದ್ದರೆ ವಿಷಯ ಬೇರೆ. ಭಾರತದಲ್ಲೇ ವಾಸವಿರುವವರು ಮೂಲ ವಿನಾಯಿತಿ ಮಿತಿಯಲ್ಲಿ, ಅಂದರೆ ಹೊಸ ಪದ್ಧತಿಯ 4 ಲಕ್ಷದಲ್ಲಿ, ಬಳಕೆಯಾಗದೆ ಉಳಿದ ಭಾಗವನ್ನು ಈ ಲಾಭಕ್ಕೆ ಹೊಂದಿಸಿಕೊಳ್ಳಬಹುದು.

ತೆರಿಗೆ ಹಾಕುವಾಗ ಯಾವ ಮೊತ್ತದ ಮೇಲೆ ಹಾಕುತ್ತಾರೆ? ಖರ್ಚೆಲ್ಲ ಕಳೆದು 45,820 ಉಳಿದಿದೆಯಲ್ಲ, ಅದರ ಮೇಲೆ ಎಂದು ಅವನು ಲೆಕ್ಕ ಹಾಕಿದ್ದ. ಹಾಗಲ್ಲ. ಬ್ರೋಕರೇಜ್, ಸ್ಟ್ಯಾಂಪ್ ಡ್ಯೂಟಿ, ವಹಿವಾಟು ಶುಲ್ಕ, ಜಿಎಸ್‌ಟಿ ಮೊದಲಾದ ಖರ್ಚನ್ನು ಲಾಭದಿಂದ ಕಳೆಯಬಹುದು. ಎಸ್‌ಟಿಟಿಯನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಅವನ 14,180ರಲ್ಲಿ ಎಸ್‌ಟಿಟಿಯೇ 12,060, ಕಳೆಯಲು ಸಿಕ್ಕಿದ್ದು 2,120 ಮಾತ್ರ. ಆದ್ದರಿಂದ ತೆರಿಗೆ ಬಿದ್ದದ್ದು 57,880ರ ಮೇಲೆ, ಒಟ್ಟು 12,039 ರೂಪಾಯಿ. ಕೈಗೆ ಬಂದ 45,820ಕ್ಕೆ ಹೋಲಿಸಿದರೆ ದರ ಶೇ 20.8 ಅಲ್ಲ, ಶೇ 26ಕ್ಕೂ ಹೆಚ್ಚು.

ಈ ನಿಯಮ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅವನದೇ ಒಂದು ಸುತ್ತು ಸಾಕ್ಷಿ. ಐದು ಲಕ್ಷಕ್ಕೆ ಕೊಂಡ ಷೇರನ್ನು 1,180 ರೂಪಾಯಿ ಹೆಚ್ಚಿಗೆ ಮಾರಿದ್ದ. ಆ ಸುತ್ತಿನ ಶುಲ್ಕವೂ ಸುಮಾರು ಅಷ್ಟೇ ಆಗಿತ್ತು, ಕೈಗೆ ಬಂದದ್ದು ಸೊನ್ನೆ. ಆದರೂ ಎಸ್‌ಟಿಟಿ ಕಳೆಯುವಂತಿಲ್ಲವಾದ್ದರಿಂದ ತೆರಿಗೆ ಲೆಕ್ಕದಲ್ಲಿ 1,003 ರೂಪಾಯಿ ಲಾಭ ಎಂದಾಯಿತು, ಅದಕ್ಕೆ ಸುಮಾರು 209 ರೂಪಾಯಿ ತೆರಿಗೆ. ಒಂದು ರೂಪಾಯಿಯೂ ಬಾರದ ವ್ಯವಹಾರಕ್ಕೆ ಲಾಭದ ತೆರಿಗೆ.

60,000ದಿಂದ 14,180 ಮತ್ತು 12,039 ಕಳೆದರೆ ಉಳಿದದ್ದು 33,781. ಐದು ಲಕ್ಷದ ಮೇಲೆ ಶೇ 6.76. ಪರದೆಯ ಹನ್ನೆರಡು ಪರ್ಸೆಂಟ್ ಇಲ್ಲಿಗೆ ಬಂದು ನಿಂತಿತು.

ಇನ್ನೂ ಒಂದು ಕಡಿತ ಬಾಕಿ ಇದೆ, ಅದಕ್ಕೆ ಯಾರೂ ರಸೀದಿ ಕೊಡುವುದಿಲ್ಲ. ಆ ವರ್ಷ ಬೆಲೆಗಳು ಶೇ 5ರಷ್ಟು ಏರಿದವು ಎಂದುಕೊಳ್ಳೋಣ. ವರ್ಷದ ಹಿಂದೆ 5 ಲಕ್ಷಕ್ಕೆ ಬರುತ್ತಿದ್ದ ಸಾಮಾನಿಗೆ ಈಗ 5 ಲಕ್ಷ 25 ಸಾವಿರ ಬೇಕು. ಅವನ 33,781ರಲ್ಲಿ 25,000 ಇದ್ದ ಜಾಗದಲ್ಲೇ ನಿಲ್ಲುವುದಕ್ಕೆ ಖರ್ಚಾಯಿತು. ನಿಜವಾಗಿ ಅವನು ಮುಂದೆ ಹೋದದ್ದು 8,781 ರೂಪಾಯಿಯಷ್ಟು. ತೆರಿಗೆ ಇಲಾಖೆ ಈ 25,000ವನ್ನು ಬಿಟ್ಟು ಲೆಕ್ಕ ಹಾಕುವುದಿಲ್ಲ. ಹಣದುಬ್ಬರದಿಂದ ಬಂದ ಏರಿಕೆಯೂ ಅದರ ಕಣ್ಣಿಗೆ ಲಾಭವೇ.

ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಸುಮ್ನೆ ಇಟ್ಕೊಂಡಿದ್ರೆ?" ಅಂದ.

ಅದನ್ನೂ ಬರೆದೆವು. ಅದೇ ಐದು ಲಕ್ಷಕ್ಕೆ ಒಂದು ಷೇರು ಕೊಂಡು, ಅದು ಅದೇ ಶೇ 12 ಏರಿ, ವರ್ಷ ತುಂಬಿ ಕೆಲವು ದಿನ ಕಳೆದ ಮೇಲೆ ಮಾರಿದ್ದರೆ ಒಟ್ಟು ಶುಲ್ಕ 1,240 ರೂಪಾಯಿ ಆಗುತ್ತಿತ್ತು. 12 ತಿಂಗಳು ದಾಟಿದ್ದರಿಂದ ಅದು ದೀರ್ಘಾವಧಿ ಲಾಭ. ಅದರ ದರ ಶೇ 12.5, ಆದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಬೇರೆ ದೀರ್ಘಾವಧಿ ಲಾಭ ಇಲ್ಲದ್ದರಿಂದ ಅವನ ತೆರಿಗೆ ಸೊನ್ನೆ. ಕೈಗೆ 58,760, ಹಣದುಬ್ಬರದ 25,000 ತೆಗೆದರೂ 33,760. ಅದೇ ಬಂಡವಾಳ, ಅದೇ ಶೇ 12 ಏರಿಕೆ. ಒಬ್ಬನಿಗೆ ಉಳಿದದ್ದು 8,781, ಇನ್ನೊಬ್ಬನಿಗೆ 33,760.

ತಿರುಗಿಸಿ ಕೇಳಿದರೆ, ಹನ್ನೆರಡು ಸುತ್ತು ಹೊಡೆಯುವವನು ಸುಮ್ಮನೆ ಇಟ್ಟುಕೊಂಡವನ ಸಮಕ್ಕೆ ಬರಬೇಕಾದರೆ ಎಷ್ಟು ಗಳಿಸಬೇಕು? ಲೆಕ್ಕ ಹಾಕಿದರೆ ಸುಮಾರು 91,500 ರೂಪಾಯಿ, ಅಂದರೆ ಶೇ 18ಕ್ಕೂ ಮೇಲೆ. ಅವನ ಆಯ್ಕೆಗಳು ಆರು ಪರ್ಸೆಂಟ್‌ನಷ್ಟು ಹೆಚ್ಚು ಚೆನ್ನಾಗಿದ್ದರೆ ಮಾತ್ರ ಇಬ್ಬರೂ ಸಮ. ಆ ಮಟ್ಟದ ಕೌಶಲ ಇರುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸೆಬಿ 2024ರ ಜುಲೈಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ಹತ್ತು ಮಂದಿಯಲ್ಲಿ ಏಳು ಮಂದಿ ನಷ್ಟ ಅನುಭವಿಸಿದ್ದರು. ನಷ್ಟವಾದವರು ಆ ನಷ್ಟದ ಶೇ 57ರಷ್ಟು ಮೊತ್ತವನ್ನು ಅದರ ಮೇಲೆ ವಹಿವಾಟು ವೆಚ್ಚವಾಗಿಯೂ ಕೊಟ್ಟಿದ್ದರು. ಇಂಟ್ರಾಡೇಗೆ ಎಸ್‌ಟಿಟಿ ಕಡಿಮೆ, ಮಾರುವಾಗ ಮಾತ್ರ ಶೇ 0.025. ಆದರೆ ಅಲ್ಲಿ ಸುತ್ತುಗಳು ತಿಂಗಳಿಗೆ ಒಂದಲ್ಲ, ದಿನಕ್ಕೆ ಹಲವು.

ಹಾಗಾದರೆ ವರ್ಷ ತುಂಬುವವರೆಗೆ ಯಾವ ಷೇರನ್ನೂ ಮುಟ್ಟಬಾರದೇ? ಅದಕ್ಕೂ ಒಂದು ಮಿತಿ ಇದೆ, ಆ ಮಿತಿಯನ್ನು ಅಂಕಿಯಲ್ಲೇ ಹೇಳಬಹುದು. ಮೇಲಿನ ಷೇರನ್ನೇ 11 ತಿಂಗಳು 20 ದಿನಕ್ಕೆ 5,60,000ಕ್ಕೆ ಮಾರಿದ್ದರೆ ತೆರಿಗೆ ಸುಮಾರು 12,440 ಆಗುತ್ತಿತ್ತು. ಹತ್ತು ಹನ್ನೆರಡು ದಿನ ಕಾದರೆ ಅದು ಉಳಿಯುತ್ತದೆ. ಆದರೆ ಕಾಯುವ ಆ ದಿನಗಳಲ್ಲಿ ಷೇರು ಶೇ 2.2ರಷ್ಟು ಬಿದ್ದರೆ ಉಳಿಸಿದ್ದೆಲ್ಲ ಹೋಯಿತು. ಕಂಪನಿಯ ಬಗ್ಗೆ ಕೆಟ್ಟ ಸುದ್ದಿ ಬಂದು ದೊಡ್ಡ ಕುಸಿತ ಖಚಿತ ಅನ್ನಿಸಿದರೆ ತೆರಿಗೆ ಕಟ್ಟಿಯೇ ಹೊರಬರುವುದು ಸರಿ. ಅಂಥ ಕಾರಣ ಇಲ್ಲದೆ ಬರೀ ಬೇಸರಕ್ಕೆ ಹನ್ನೊಂದನೇ ತಿಂಗಳಲ್ಲಿ ಮಾರಿದವರನ್ನು ನಾನು ನೋಡಿದ್ದೇನೆ, ಆಗ ಸಂಕಟವಾಗುತ್ತದೆ.

ದಿನ ಎಣಿಸುವಾಗ ಎಡವುವ ಜಾಗ ಒಂದಿದೆ. ನೀವು ಒಂದೇ ಕಂಪನಿಯ 100 ಷೇರನ್ನು 14 ತಿಂಗಳ ಹಿಂದೆ 400 ರೂಪಾಯಿಗೆ, ಇನ್ನೂ 100 ಷೇರನ್ನು ಮೂರು ತಿಂಗಳ ಹಿಂದೆ 520ಕ್ಕೆ ಕೊಂಡಿದ್ದೀರಿ ಎನ್ನಿ. ಈಗ 510ಕ್ಕೆ 100 ಷೇರು ಮಾರುತ್ತೀರಿ. ಹೊಸದನ್ನು ಮಾರಿದೆ, ಸಾವಿರ ರೂಪಾಯಿ ನಷ್ಟ ತೋರಿಸಬಹುದು ಎಂದು ನಿಮ್ಮ ಎಣಿಕೆ. ಕಾನೂನು ಹಾಗೆ ನೋಡುವುದಿಲ್ಲ. ಒಂದು ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದ ಷೇರೇ ಮೊದಲು ಹೋಯಿತು ಎಂದು ಪರಿಗಣಿಸಬೇಕು. ಹಾಗಾಗಿ ನೀವು ಮಾರಿದ್ದು ಹಳೆಯ 100, ನಿಮಗಾದದ್ದು 11,000 ದೀರ್ಘಾವಧಿ ಲಾಭ. ಖಾತೆಯಲ್ಲಿ ಉಳಿದ 100 ಷೇರಿಗೆ ಇನ್ನೂ ಮೂರೇ ತಿಂಗಳು. ನಾಳೆ ಅವನ್ನು ಲಾಭಕ್ಕೆ ಮಾರಿದರೆ ಶೇ 20.8ರ ಪಾಲಾಗುತ್ತವೆ.

ನಷ್ಟದ ಬಗ್ಗೆಯೂ ಒಂದು ಮಾತು. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಲಾಭಗಳಲ್ಲಿ ಕಳೆಯಬಹುದು. ಆ ವರ್ಷ ಕಳೆಯಲಾಗದೆ ಮಿಕ್ಕಿದ್ದನ್ನು ಮುಂದಿನ 8 ವರ್ಷಗಳವರೆಗೆ ಒಯ್ಯಬಹುದು. ಆದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಮಾತ್ರ. "ನಷ್ಟವೇ ಆಗಿದೆ, ರಿಟರ್ನ್ ಯಾಕೆ" ಎಂದು ಬಿಟ್ಟವರು ಮುಂದಿನ ವರ್ಷದ ಲಾಭಕ್ಕೆ ಪೂರ್ತಿ ತೆರಿಗೆ ಕಟ್ಟುತ್ತಾರೆ.

ಇಷ್ಟೆಲ್ಲ ನಡೆಯುತ್ತಿದ್ದರೂ ನನ್ನ ಅಳಿಯನಿಗೆ ಯಾಕೆ ಗೊತ್ತಾಗಲಿಲ್ಲ? ಹಣ ಹೋಗುವ ದಾರಿಗಳು ಬೇರೆ ಬೇರೆ, ಅದಕ್ಕೆ. ಪರದೆಯ ಮೇಲಿನ ಲಾಭ ಬರೀ ಬೆಲೆಯ ವ್ಯತ್ಯಾಸ. ಎಸ್‌ಟಿಟಿ ಮತ್ತು ಶುಲ್ಕಗಳು ಆಯಾ ದಿನದ ಕಾಂಟ್ರಾಕ್ಟ್ ನೋಟಿನಲ್ಲಿ, ಒಂದೊಂದು ಸಲಕ್ಕೆ ಕೆಲವು ನೂರು ರೂಪಾಯಿಯಂತೆ ಹೋಗುತ್ತವೆ. ಡಿಪಿ ಚಾರ್ಜ್ ಲೆಡ್ಜರ್‌ನಲ್ಲಿ. ಆದಾಯ ತೆರಿಗೆ ತಿಂಗಳುಗಳ ನಂತರ, ಸಂಬಳ ಬೀಳುವ ಬ್ಯಾಂಕ್ ಖಾತೆಯಿಂದ. ಎಲ್ಲವೂ ಒಂದೇ ಹಾಳೆಯಲ್ಲಿ ಎಲ್ಲೂ ಕಾಣಿಸುವುದಿಲ್ಲ.

ಆ ಹಾಳೆಯನ್ನು ನಾವೇ ಮಾಡಬೇಕು. ಅವನಿಗೆ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಟ್ಟೆ, ಎರಡೇ ಕಾಲಂ. ಮೊದಲನೆಯದರಲ್ಲಿ ದಿನಾಂಕ, ಎರಡನೆಯದರಲ್ಲಿ ಹಣ. ಬ್ರೋಕರ್ ಖಾತೆಗೆ ಹಾಕಿದ ಹಣ ಮೈನಸ್, ವಾಪಸ್ಸು ತೆಗೆದುಕೊಂಡದ್ದು ಪ್ಲಸ್. ಕೊನೆಯ ಸಾಲಿನಲ್ಲಿ ಇವತ್ತು ಖಾತೆಯಲ್ಲಿರುವ ಹಣ ಮತ್ತು ಷೇರಿನ ಮೌಲ್ಯ ಸೇರಿಸಿ ಪ್ಲಸ್. ಪ್ರತಿ ಸುತ್ತಿನ ಶುಲ್ಕವನ್ನು ಬರೆಯುವ ಅಗತ್ಯವೇ ಇಲ್ಲ, ಖಾತೆಯ ಬಾಕಿಯಲ್ಲಿ ಅದು ಆಗಲೇ ಕಳೆದಿರುತ್ತದೆ. ಕೆಳಗೆ ಈ ಸೂತ್ರ ಹಾಕಿದರೆ ವಾರ್ಷಿಕ ಶೇಕಡಾ ದರ ಬರುತ್ತದೆ:

```
=XIRR(B2:B20, A2:A20)
```

ಅವನು ತಾನೇ ತುಂಬಿದ. ಶೇ 9ಕ್ಕೂ ಸ್ವಲ್ಪ ಮೇಲೆ ಬಂತು. "ಒಂಬತ್ತು ಇದೆಯಲ್ಲ ಮಾವ, ನೀವು ಆರೂ ಮುಕ್ಕಾಲು ಅಂದ್ರಿ?" ಎಂದು ನನ್ನ ಮುಖ ನೋಡಿದ. ತೆರಿಗೆ ಕಟ್ಟಿದ 12,039 ರೂಪಾಯಿ ಬ್ರೋಕರ್ ಖಾತೆಯಿಂದ ಹೋದದ್ದಲ್ಲವಾದ್ದರಿಂದ ಅದನ್ನು ಹಾಳೆಗೆ ಬರೆಯಲು ಅವನಿಗೆ ತೋಚಿರಲಿಲ್ಲ. ಅದಕ್ಕೂ ಒಂದು ಸಾಲು ಸೇರಿಸಿ, ಮುಂದೆ ಮೈನಸ್ ಹಾಕಿದ.